ಗಾಳಿ, ಭೂಕಂಪ ಎರಡನ್ನೂ ಕೂಡಿಸಿದ್ದೇವೆ ಅಂದ್ರೆ ನಂಬಬೇಡಿ

ಉಡುಪಿ ಹತ್ತಿರ ಒಂದು ಲೇಔಟ್‌ಗೆ 50 ಸಾವಿರ ಲೀಟರಿನ ಓವರ್‌ಹೆಡ್ ಟ್ಯಾಂಕ್. ನಾಲ್ಕು ಕಾಲಂ, 3.5 ಮೀಟರ್ ಅಂತರ. ಸೈಟ್ ನೋಡಿಕೊಳ್ಳುವವನು ನಾನು. ಡಿಸೈನ್ ಮಾಡಿದವರು, "ಗಾಳಿಯನ್ನೂ ಭೂಕಂಪವನ್ನೂ ಕೂಡಿಸಿಯೇ ಹಾಕಿದ್ದೇವೆ, ಜಾಸ್ತಿಯೇ ಸೇಫ್" ಅಂದ್ರು. ನಾನೂ ನಂಬಿದೆ. ಮುರಕಲ್ಲು ಅಗೆದು ಎರಡು ಫೂಟಿಂಗ್ ಹಾಕಿಯೂ ಆಯ್ತು.

ಆಮೇಲೆ ನನಗೆ ಕಲಿಸಿದ ಮೇಷ್ಟ್ರಿಗೆ ಲೆಕ್ಕ ತೋರಿಸಿದೆ. ಅವರು ಕೇಳಿದ್ದು ಒಂದೇ: "ಟ್ಯಾಂಕ್ ಖಾಲಿ ಇದ್ದಾಗ ಏನು ಮಾರಾಯಾ?"

ಐಎಸ್ ಕೋಡ್ ಪ್ರಕಾರ ದೊಡ್ಡ ಗಾಳಿ, ಭೂಕಂಪ ಒಟ್ಟಿಗೆ ಬರುತ್ತವೆ ಎಂದು ಹಿಡಿಯಬೇಕಿಲ್ಲ. ಬೇರೆ ಬೇರೆ ನೋಡಿ, ಕೆಟ್ಟದ್ದನ್ನು ತೆಗೆದುಕೊಳ್ಳಬೇಕು. ನಮ್ಮಲ್ಲಿ ಗಾಳಿ 20 ಕಿಲೋನ್ಯೂಟನ್. ಮೂರನೇ ವಲಯದ ಭೂಕಂಪ ಟ್ಯಾಂಕ್ ತುಂಬಿದ್ದಾಗ 61. ನೀರಿಲ್ಲದಾಗ ಅರ್ಧ ಆಗುತ್ತದೆ ಅಂದ್ಕೊಂಡಿದ್ದೆ, 41 ಬಂತು. ಭಾರ ಕಮ್ಮಿಯಾದರೆ ತೂಗಾಟ ಚುರುಕಾಗುತ್ತದೆ, ಬಲದ ಗುಣಾಂಕ ಏರುತ್ತದೆ. ಒಂದೊಂದು ಕಾಲಂ ಅನ್ನು ಕೆಳಗೆ ಒತ್ತಿ ಹಿಡಿಯುವ ಭಾರ ಮಾತ್ರ 272ರಿಂದ 148ಕ್ಕೆ ಇಳಿದಿತ್ತು.

ಇನ್ನೊಂದು ಎಡವಟ್ಟು ದಿಕ್ಕಿನದ್ದು. ಡಿಸೈನ್ ಮಾಡಿದವರು ಬಲವನ್ನು ಕಾಲಂಗಳನ್ನು ಜೋಡಿಸುವ ಅಡ್ಡ ಬೀಮ್, ಅಂದ್ರೆ ಬ್ರೇಸ್‌ಗೆ ಸಮಾನಾಂತರವಾಗಿ ಮಾತ್ರ ಹಾಕಿದ್ದರು. ಬ್ರೇಸ್‌ಗೆ ಅದೇ ಸರಿ. ಕಾಲಂಗೆ ಮೂಲೆಯಿಂದ ಮೂಲೆಗೆ ಬರುವ ಬಲ ಕೆಟ್ಟದ್ದು, ಒಂದೇ ಕಾಲಂ ಮೇಲೆ ಎಳೆತ ಸುಮಾರು 1.4 ಪಟ್ಟು ಬೀಳುತ್ತದೆ. ಗಾಳಿ ಸೇರಿಸಿ, ತುಂಬಿದ ಟ್ಯಾಂಕ್‌ಗೆ, ನೇರ ದಿಕ್ಕಿಗೆ ಹಾಕಿದ ಅವರ ಲೆಕ್ಕದಲ್ಲಿ (ಭಾರಕ್ಕೆ 0.9, ಬಲಕ್ಕೆ 1.5) ಕಾಲಂನಲ್ಲಿ 11 ಕಿಲೋನ್ಯೂಟನ್ ಒತ್ತಡ ಉಳಿದಿತ್ತು. ಗಾಳಿ ಬಿಟ್ಟು, ಖಾಲಿ ಟ್ಯಾಂಕ್‌ಗೆ ಮೂಲೆಯಿಂದ ಹಾಕಿದಾಗ 35 ಕಿಲೋನ್ಯೂಟನ್ ಎಳೆತ! ಕೂಡಿಸಿದ ದೊಡ್ಡ ಸಂಖ್ಯೆ ಇದನ್ನೇ ಮುಚ್ಚಿಟ್ಟಿತ್ತು.

ಸೈಟಲ್ಲಿ ಇದರ ಗುರುತು ಕಣ್ಣಿಗೇ ಕಾಣುತ್ತಿತ್ತು. ಫೂಟಿಂಗ್‌ನಿಂದ ಮೇಲೆ ಬಿಟ್ಟ 16 ಎಂಎಂ ಕಂಬಿ ಬರೀ 650 ಮಿಲಿಮೀಟರ್. ಒತ್ತಡಕ್ಕಾದರೆ ಸಾಕು. ನೇರ ಎಳೆತಕ್ಕೆ ಎಂ25 ಕಾಂಕ್ರೀಟ್‌ನಲ್ಲಿ ಲ್ಯಾಪ್, ಅಂದ್ರೆ ಕಂಬಿಯ ಮೇಲೆ ಕಂಬಿ ಜೋಡಿಸುವ ಉದ್ದ, ಒಂದೂವರೆ ಮೀಟರ್ ಮೀರುತ್ತದೆ. ಫೂಟಿಂಗ್‌ಗೆ ಮೇಲಿನ ಜಾಲರಿಯೂ ಇರಲಿಲ್ಲ. ಬ್ರೇಸ್ ಡ್ರಾಯಿಂಗ್ ತೆಗೆದು ನೋಡಿದರೆ ಕೆಳಗೆ 16ರ ಮೂರು ಕಂಬಿ, ಮೇಲೆ 12ರ ಎರಡು. ಸುಮ್ನೆ ಮನೆಯ ಬೀಮ್ ಇದ್ದ ಹಾಗೆ! ಭೂಕಂಪ ಎರಡೂ ಕಡೆಯಿಂದ ತೂಗುತ್ತದೆ ಅಲ್ವಾ, ಕಾಲಂ ಹತ್ತಿರ ಮೇಲೆ ಕೆಳಗೆ ಸರಿಸಮ ಕಂಬಿ ಬೇಕು.

ಮೇಸ್ತ್ರಿ, "ಸರ್, ಉಳಿದೆರಡು ಫೂಟಿಂಗ್‌ಗೆ ಕಂಬಿ ಉದ್ದ ಬಿಡುವ, ಇವು ಹೀಗೇ ಇರಲಿ" ಅಂದ. ಯಾವ ಮೂಲೆಗೆ ಎಳೆತ ಬರುತ್ತದೆ ಎಂದು ಯಾರಿಗೆ ಗೊತ್ತು? ಎರಡನ್ನೂ ಒಡೆಸಿದೆವು. ಒಡೆಯುವ ಖರ್ಚು ನಮ್ಮ ಮೇಲೇ ಬಿತ್ತು, ಡಿಸೈನ್ ಮಾಡಿದವರು ಫೋನೆತ್ತುವುದನ್ನೂ ನಿಲ್ಲಿಸಿದರು.