ಸಿಲಿಕೋನ್ ಬಳೆ, ಚನ್ನಪಟ್ಟಣದ ಮರದ ಬಳೆ: ಹಲ್ಲು ಮೂಡುವ ಕಾಲದ ಎರಡು ಟೀಥರ್‌ಗಳ ದೀರ್ಘ ಬಳಕೆಯ ವಿಮರ್ಶೆ

ಮಗಳ ಕೆಳಗಿನ ಮುಂಬಲ್ಲು ಮೂಡುವ ಮುನ್ನ ನಾವು ಕೊಂಡ ಎರಡು ಟೀಥರ್‌ಗಳು, ಅಂದರೆ ಹಲ್ಲು ಮೂಡುವಾಗ ಮಗು ಕಚ್ಚಲು ಕೊಡುವ ಆಟಿಕೆಗಳು, ಅವಳಿಗೆ ದವಡೆ ಹಲ್ಲು ಬರುವ ತನಕವೂ ಮನೆಯಲ್ಲಿ ಬಳಕೆಯಲ್ಲಿದ್ದವು. ಒಂದು, ಜೋಡಣೆಯಿಲ್ಲದೆ ಒಂದೇ ಅಚ್ಚಿನಲ್ಲಿ ತೆಗೆದ, ಒಳಗೆ ಟೊಳ್ಳಿಲ್ಲದ ಸಿಲಿಕೋನ್ ಬಳೆ. ಇನ್ನೊಂದು, ಚನ್ನಪಟ್ಟಣದಲ್ಲಿ ಆಲೆ ಮರದಿಂದ ಕಡೆದ, ಅರ್ಧ ಭಾಗಕ್ಕೆ ಮಾತ್ರ ಅರಗಿನ ಬಣ್ಣ ಹಾಕಿದ ಮರದ ಬಳೆ. ಟೀಥರ್ ಆರಿಸುವಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಅದು ಯಾವುದರಿಂದ ಮಾಡಿದ್ದು ಎಂಬುದಲ್ಲ, ನಮ್ಮ ಮನೆಯಲ್ಲಿ ಅದನ್ನು ದಿನವೂ ಹೇಗೆ ತೊಳೆಯುತ್ತೇವೆ ಎಂಬುದು. ಇಷ್ಟು ಕಾಲದ ಬಳಕೆಯಿಂದ ನಾನು ಬಂದು ನಿಂತಿರುವ ಅಭಿಪ್ರಾಯ ಇದು.

ಆಕಾರದಲ್ಲಿ ಬಳೆಯನ್ನೇ ಆರಿಸಿದ್ದಕ್ಕೆ ಸ್ಪಷ್ಟ ಕಾರಣವಿದೆ. ಆಟಿಕೆಗಳ ಭಾರತೀಯ ಮಾನಕವಾದ ಐಎಸ್ 9873 ಟೀಥರ್‌ಗಳಿಗೆ ಒಂದು ಪರೀಕ್ಷೆಯನ್ನು ಹೇಳುತ್ತದೆ: 35 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಉದ್ದದ ಅಂಡಾಕಾರದ ರಂಧ್ರವಿರುವ, 30 ಮಿಲಿಮೀಟರ್ ದಪ್ಪದ ಅಚ್ಚಿನಲ್ಲಿ ವಸ್ತುವನ್ನು ಇಳಿಬಿಟ್ಟಾಗ ಅದರ ಯಾವ ತುದಿಯೂ ಅಚ್ಚಿನ ಕೆಳಗೆ ಹೊರಬರಬಾರದು. ಬಾಯೊಳಗೆ ಹೋದ ತುದಿ ಗಂಟಲನ್ನು ಮುಚ್ಚುವಷ್ಟು ಹಿಂದಕ್ಕೆ ತಲುಪಬಾರದು ಎಂಬುದೇ ಇದರ ಉದ್ದೇಶ. ಗಟ್ಟಿ ರಟ್ಟಿನಲ್ಲಿ ಅಷ್ಟೇ ಅಳತೆಯ ರಂಧ್ರ ಕತ್ತರಿಸಿ, ಒಳಹೋದ ಭಾಗ 30 ಮಿಲಿಮೀಟರ್ ಮೀರುತ್ತದೆಯೇ ಎಂದು ಸ್ಕೇಲಿನಿಂದ ಅಳೆದರೆ ಮನೆಯಲ್ಲಿಯೂ ಸಾಕಷ್ಟು ತಿಳಿಯುತ್ತದೆ. ನಮ್ಮ ಬಳೆಗಳ ಹೊರವ್ಯಾಸ ಸುಮಾರು 7 ಸೆಂಟಿಮೀಟರ್. ಅದರ ಬಾಗು ರಂಧ್ರದೊಳಗೆ ಒಂದು ಸೆಂಟಿಮೀಟರಿನಷ್ಟು ಇಳಿದು ಅಲ್ಲಿಯೇ ತಡೆದು ನಿಲ್ಲುತ್ತದೆ. ಉಡುಗೊರೆಯಾಗಿ ಬಂದಿದ್ದ, ಬಾಳೆಹಣ್ಣಿನಾಕಾರದ, ತಡೆಪಟ್ಟಿಯಿಲ್ಲದ ಬ್ರಷ್ ಮಾದರಿಯ ಟೀಥರ್ ಮಾತ್ರ ಅದೇ ರಂಧ್ರದಲ್ಲಿ ಹಿಡಿಯ ತನಕವೂ ನುಗ್ಗಿತು. ಅದನ್ನು ನಾವು ಮಗುವಿನ ಕೈಗೆ ಕೊಡಲಿಲ್ಲ. ಕುಳಿತಲ್ಲಿಂದ ಮುಗ್ಗರಿಸುವ ವಯಸ್ಸಿನ ಮಗುವಿನ ಬಾಯಲ್ಲಿ ಉದ್ದನೆಯ ವಸ್ತುವಿದ್ದರೆ ಅದು ಮೃದುವಾಗಿದೆ ಎಂಬ ಒಂದೇ ಕಾರಣಕ್ಕೆ ಧೈರ್ಯ ತಂದುಕೊಳ್ಳುವಂತಿಲ್ಲ.

ಸಿಲಿಕೋನ್ ಬಳೆಯ ದೊಡ್ಡ ಗುಣವೆಂದರೆ ಅದು ಕುದಿಯುವ ನೀರನ್ನು ತಡೆದುಕೊಳ್ಳುತ್ತದೆ. ಪ್ರತಿ ಸಂಜೆ ಸೌಮ್ಯವಾದ ಸೋಪಿನಿಂದ ತೊಳೆದು, ಕೆಲವು ದಿನಗಳಿಗೊಮ್ಮೆ ಮತ್ತು ಮಗುವಿಗೆ ಶೀತ ಅಥವಾ ಭೇದಿ ಆದ ಮೇಲೆ ತಪ್ಪದೆ, ಐದು ನಿಮಿಷ ಕುದಿಸುತ್ತಿದ್ದೆವು. ಪಾತ್ರೆಯ ತಳಕ್ಕೆ ತೆಳುವಾದ ಹತ್ತಿ ಬಟ್ಟೆ ಹಾಸಿದರೆ ಬಳೆ ನೇರವಾಗಿ ಕಾದ ಲೋಹಕ್ಕೆ ತಗಲುವುದಿಲ್ಲ. ಬೆಂಗಳೂರಿನ ನಮ್ಮ ಭಾಗದ ಬೋರ್‌ವೆಲ್ ನೀರಿನಲ್ಲಿ ಕುದಿಸಿದಾಗ ಅದರ ಮೇಲೆ ಬಿಳಿಯ ಪದರ ಕೂರುತ್ತಿತ್ತು. ಅದು ಗಡಸು ನೀರಿನ ಸುಣ್ಣದ ಅಂಶ. ನಿಂಬೆರಸದಲ್ಲಿ ಒರೆಸಿ ತೊಳೆದರೆ ಹೋಗುತ್ತದೆ, ಫಿಲ್ಟರ್ ನೀರಿನಲ್ಲಿ ಕುದಿಸಿದರೆ ಕೂರುವುದೇ ಇಲ್ಲ. ಸಿಲಿಕೋನಿನ ಇನ್ನೊಂದು ಸ್ವಭಾವವೆಂದರೆ ಘಾಟು ಪರಿಮಳವಿರುವ ಪಾತ್ರೆಯ ಸೋಪಿನ ವಾಸನೆಯನ್ನು ಅದು ಹೀರಿಕೊಂಡು ಬಹಳ ಹೊತ್ತು ಉಳಿಸಿಕೊಳ್ಳುತ್ತದೆ. ಆದ್ದರಿಂದ ಪರಿಮಳವಿಲ್ಲದ ಸೋಪನ್ನೇ ಬಳಸುವುದು ಮೇಲು. ನೆಲಕ್ಕೆ ಬಿದ್ದರೆ ಧೂಳನ್ನೂ ಕೂದಲನ್ನೂ ಎಳೆದುಕೊಳ್ಳುವುದರಿಂದ ಪ್ರತಿ ಸಲವೂ ತೊಳೆಯಲೇಬೇಕು.

ಅದರ ದೌರ್ಬಲ್ಯ ಕಾಣಿಸಿಕೊಂಡದ್ದು ಮೇಲಿನ ಮುಂಬಲ್ಲುಗಳು ಬಂದ ಮೇಲೆ. ಕೆಳಗಿನ ಎರಡೇ ಹಲ್ಲು ಇದ್ದಾಗ ಮಗು ಒಸಡಿನಿಂದ ಒತ್ತುತ್ತದೆ. ಮೇಲೂ ಕೆಳಗೂ ಹಲ್ಲು ಬಂದಾಗ ಕತ್ತರಿಸುತ್ತದೆ. ಸಿಲಿಕೋನ್ ಎಷ್ಟು ಎಳೆದರೂ ಹಿಗ್ಗುತ್ತದೆ, ಆದರೆ ಒಂದು ಸಣ್ಣ ಸೀಳು ಬಿದ್ದರೆ ಅದು ಅಲ್ಲಿಂದ ಬೇಗನೆ ಹರಿದುಕೊಂಡು ಹೋಗುತ್ತದೆ. ನಮ್ಮ ಬಳೆಯ ಮೇಲಿದ್ದ ಸಣ್ಣ ಉಬ್ಬುಗಳಲ್ಲಿ ಒಂದರ ಬುಡದಲ್ಲಿ ಕೂದಲೆಳೆಯಂಥ ಗೆರೆ ಕಂಡಿತು. ಸುಮ್ಮನೆ ನೋಡಿದರೆ ಅದು ಹಲ್ಲಿನ ಗುರುತಿನಂತೆಯೇ ಇತ್ತು. ಎರಡು ಕೈಗಳಿಂದ ಆ ಭಾಗವನ್ನು ಎಳೆದು ಬೆಳಕಿಗೆ ಹಿಡಿದಾಗ ಗೆರೆ ಬಾಯಿ ಬಿಟ್ಟಿತು. ಹಲ್ಲಿನ ಗುರುತಾದರೆ ಎಳೆದಾಗ ಮಾಯವಾಗುತ್ತದೆ, ಸೀಳಾದರೆ ತೆರೆದುಕೊಳ್ಳುತ್ತದೆ. ಅಂದೇ ಅದನ್ನು ಎಸೆದು ಅದೇ ಬಗೆಯ ಇನ್ನೊಂದನ್ನು ತಂದೆವು, ಈ ಬಾರಿ ಸಣ್ಣ ಉಬ್ಬುಗಳಿಲ್ಲದೆ ಅಗಲವಾದ ಏರಿಳಿತಗಳಷ್ಟೇ ಇದ್ದುದನ್ನು. ತೊಳೆಯುವಾಗ ಬಳೆಯನ್ನು ಸುತ್ತಲೂ ಎಳೆದು ನೋಡುವುದು ಅಲ್ಲಿಂದ ಮುಂದೆ ದಿನದ ಕೆಲಸವಾಯಿತು.

ಮರದ ಬಳೆಯ ವಿಷಯದಲ್ಲಿ ಇದೆಲ್ಲವೂ ತಲೆಕೆಳಗು. ಚನ್ನಪಟ್ಟಣದ ಕುಶಲಕರ್ಮಿಗಳು ಲೇತ್‌ನಲ್ಲಿ ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಬಿಸಿಯಿಂದ ಹತ್ತಿದ್ದು ಬಿಸಿಗೆ ಮೆತ್ತಗಾಗುವುದೂ ಸಹಜವೇ. ಆದ್ದರಿಂದ ಈ ಬಳೆಯನ್ನು ಕುದಿಸುವಂತಿಲ್ಲ, ಹಬೆಗೆ ಇಡುವಂತಿಲ್ಲ. ಅರಗು ಆಲ್ಕೋಹಾಲಿನಲ್ಲಿ ಕರಗುವುದರಿಂದ ಸ್ಯಾನಿಟೈಸರ್ ಕೂಡ ಹಾಕಬಾರದು. ನೀರಿನಲ್ಲಿ ನೆನೆಸಿಟ್ಟರೆ ಮರದ ನಾರು ಎದ್ದು ಮೇಲ್ಮೈ ಒರಟಾಗುತ್ತದೆ, ಒಣಗುವಾಗ ಬಿರುಕು ಬಿಡುತ್ತದೆ. ಒದ್ದೆ ಬಟ್ಟೆಗೆ ತುಸು ಸೋಪು ಹಚ್ಚಿ ಒರೆಸಿ, ಶುದ್ಧ ನೀರಿನ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ, ಕೂಡಲೇ ಒಣಬಟ್ಟೆಯಲ್ಲಿ ಒತ್ತಿ, ಗಾಳಿಯಾಡುವ ನೆರಳಿನಲ್ಲಿ ಒಣಗಿಸುವುದೊಂದೇ ದಾರಿ. ಮಳೆಗಾಲದಲ್ಲಿ ಅದು ಪೂರ್ತಿ ಒಣಗಲು ಒಂದು ರಾತ್ರಿಯೂ ಸಾಲದಾಗುತ್ತಿತ್ತು. ಅದಕ್ಕಾಗಿಯೇ ಮಗುವಿಗೆ ಕಾಯಿಲೆಯಿದ್ದಾಗ ಮರದ ಬಳೆಯನ್ನು ಕೊಡುತ್ತಲೇ ಇರಲಿಲ್ಲ.

ಹಾಗಿದ್ದರೂ ಮಗಳು ಹೆಚ್ಚು ಇಷ್ಟಪಟ್ಟದ್ದು ಮರದ್ದನ್ನೇ. ಅದರ ಗಟ್ಟಿತನ ಊದಿಕೊಂಡ ಒಸಡಿಗೆ ಹಿತವಾಗಿತ್ತೆಂದು ಅವಳು ಕಚ್ಚುವ ರೀತಿಯಲ್ಲಿಯೇ ತಿಳಿಯುತ್ತಿತ್ತು. ಬಣ್ಣವಿಲ್ಲದ ಭಾಗವನ್ನೇ ಕಚ್ಚಲು ಸಿಗುವಂತೆ ಅರ್ಧ ಬಳೆಗೆ ಮಾತ್ರ ಬಣ್ಣವಿರುವುದನ್ನು ಕೊಂಡದ್ದು ಸರಿಯಾಯಿತು ಎನಿಸುತ್ತದೆ. ಒದ್ದೆಯಾದ ಬಿಳಿ ಬಟ್ಟೆಯಿಂದ ಚೆನ್ನಾಗಿ ಉಜ್ಜಿದಾಗ ಬಣ್ಣ ಹತ್ತಿದರೆ ಆ ಆಟಿಕೆ ಬಾಯಿಗೆ ಹೋಗಬಾರದು, ನಮ್ಮದು ಹತ್ತಲಿಲ್ಲ. ಮರದಲ್ಲಿ ಅರಗನ್ನೂ ಸಸ್ಯಜನ್ಯ ಬಣ್ಣವನ್ನೂ ಬಳಸಿದ್ದಾರೆಯೇ, ಇಲ್ಲ ಸಾಮಾನ್ಯ ಪೇಂಟ್ ಹೊಡೆದಿದ್ದಾರೆಯೇ ಎಂಬುದನ್ನು ಮಾರುವವರನ್ನು ಕೇಳಿಯೇ ಕೊಳ್ಳಬೇಕು. ಆಟಿಕೆಗಳಿಗೆ ಐಎಸ್‌ಐ ಗುರುತು 2021ರ ಜನವರಿ 1ರಿಂದ ಕಡ್ಡಾಯವಾಗಿದೆ, ಆದರೆ ಭೌಗೋಳಿಕ ಸೂಚಕ ಪಡೆದ ವಸ್ತುಗಳ ಅಧಿಕೃತ ತಯಾರಕರಿಗೂ ನೋಂದಾಯಿತ ಕರಕುಶಲಕರ್ಮಿಗಳಿಗೂ ಅದರಿಂದ ವಿನಾಯಿತಿ ಇದೆ. ಹೀಗಾಗಿ ಚನ್ನಪಟ್ಟಣದ ಆಟಿಕೆಯ ಮೇಲೆ ಆ ಗುರುತು ಇಲ್ಲದಿರಬಹುದು, ಗುರುತಿಲ್ಲದ ಮಾತ್ರಕ್ಕೆ ಅದು ನಕಲಿಯೂ ಅಲ್ಲ. ಕಾರ್ಖಾನೆಯ ಪ್ಲಾಸ್ಟಿಕ್ ಅಥವಾ ಸಿಲಿಕೋನ್ ಆಟಿಕೆಯಾದರೆ ಗುರುತಿನ ಜೊತೆಗಿರುವ CM/L ಪರವಾನಗಿ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡುವುದು ಒಳ್ಳೆಯದು.

ನೀರು ಅಥವಾ ಜೆಲ್ ತುಂಬಿದವನ್ನು ನಾವು ತರಲಿಲ್ಲ. ಹಲ್ಲು ಚುಚ್ಚಿದರೆ ಒಳಗಿನ ದ್ರವ ನೇರವಾಗಿ ಬಾಯಿಗೆ ಬರುತ್ತದೆ. ಗಾಳಿರಂಧ್ರವಿರುವ ಟೊಳ್ಳು ಗೊಂಬೆಗಳನ್ನೂ ಬಿಟ್ಟೆವು. ಜೊಲ್ಲೂ ತೊಳೆದ ನೀರೂ ಒಳಹೊಕ್ಕರೆ ಕಪ್ಪು ಬೂಷ್ಟು ಬೆಳೆಯುತ್ತದೆ, ಅದನ್ನು ಒಳಗಿನಿಂದ ತೊಳೆಯುವ ಉಪಾಯವಿಲ್ಲ. ತಂಪು ಬೇಕೆನಿಸಿದಾಗ ಸಿಲಿಕೋನ್ ಬಳೆಯನ್ನು ಫ್ರಿಜ್ಜಿನ ಕೆಳಭಾಗದಲ್ಲಿ ಅರ್ಧ ಗಂಟೆ ಇಟ್ಟರೆ ಸಾಕಾಗುತ್ತಿತ್ತು. ಫ್ರೀಜರಿನಲ್ಲಿಟ್ಟರೆ ಅದು ಒಸಡಿಗೆ ನೋವುಂಟುಮಾಡುವಷ್ಟು ತಣ್ಣಗಾಗುತ್ತದೆ.

ಬಳೆ ಪದೇ ಪದೇ ಕೆಳಗೆ ಬೀಳುತ್ತದೆಂದು ಅದನ್ನು ಕಪ್ಪು ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಲು ಮನೆಯ ಹಿರಿಯರು ಹೇಳಿದ್ದುಂಟು. ನಾವು ಒಪ್ಪಲಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2018ರಲ್ಲಿ ಹಲ್ಲಿನ ನೋವಿಗೆಂದು ಮಕ್ಕಳ ಕೊರಳಿಗೆ ಹಾಕುವ ಸರಗಳ ವಿರುದ್ಧ ಎಚ್ಚರಿಕೆ ಕೊಟ್ಟದ್ದು, ನಿದ್ದೆಯಲ್ಲಿದ್ದ ಮಗುವೊಂದು ಅಂಥ ಸರ ಬಿಗಿದು ಸತ್ತ ವರದಿಯನ್ನೂ ಗಮನಿಸಿ. ಬಿದ್ದದ್ದನ್ನು ಎತ್ತಿ ತೊಳೆದು ಕೊಡುವುದೇ ಸರಿ ಎಂದು ಅವರಿಗೆ ವಿವರಿಸಿದೆವು, ಅವರೂ ಒಪ್ಪಿದರು.

ಈಗ ಕೊಳ್ಳುವವರು ಒಂದನ್ನೇ ಆರಿಸಬೇಕಾದರೆ, ಮಗುವನ್ನು ಹಗಲು ಬೇರೆಯವರು ನೋಡಿಕೊಳ್ಳುವ ಮನೆಗೆ ನಾನು ಸಿಲಿಕೋನ್ ಬಳೆಯನ್ನೇ ಹೇಳುತ್ತೇನೆ. ಅದನ್ನು ಯಾರೇ ಬಿಸಿನೀರಿಗೆ ಹಾಕಿದರೂ ಹಾಳಾಗುವುದಿಲ್ಲ. ದವಡೆ ಹಲ್ಲು ಬರಲು ತೊಡಗಿದ ಮೇಲೆ ಮಾತ್ರ ಅದನ್ನು ಎದುರಿಗೆ ಕುಳಿತು ಕೊಡಬೇಕು, ಕಚ್ಚಿ ತುಂಡು ಮಾಡುವ ಶಕ್ತಿ ಆಗ ಮಗುವಿಗೆ ಬಂದಿರುತ್ತದೆ.