ಅಡೆನೋಸಿನ್ ಕೊಡಬೇಕಾ, ವೆರಾಪಮಿಲ್ ಕೊಡಬೇಕಾ?

ಗದಗಿನ ಸಣ್ಣ ಆಸ್ಪತ್ರೆ, ರಾತ್ರಿ ಪಾಳಿ. 34 ವರ್ಷದ ಹೆಣ್ಮಗಳು, ಎದೆಬಡಿತ 190, ಬಿಪಿ 110/70. ಇಸಿಜಿಯಲ್ಲಿ ಕ್ಯೂಆರ್‌ಎಸ್ ಕಿರಿದು, ಬಡಿತ ಒಂದೇ ಸಮ. ಕರೆಂಟು ಎವಿ ನೋಡ್ ಹಾದು ಸುತ್ತು ಹೊಡೆಯುತ್ತಿದೆ. ಅಲ್ಲಿ ಒಂದು ಕ್ಷಣ ತಡೆದರೆ ಸಾಕು. "ಅಕ್ಕಾ, ಈ ಸಿರಿಂಜು ಜೋರಾಗಿ ಊದ್ರಿ" ಎಂದು 15 ಸೆಕೆಂಡು ಊದಿಸಿ, ತಕ್ಷಣ ಮಲಗಿಸಿ ಕಾಲೆತ್ತಿ ಹಿಡಿದೆವು. ನಿಲ್ಲಲಿಲ್ಲ.

ನನ್ನ ಮೊದಲ ಆಯ್ಕೆ ಯಾವಾಗಲೂ ಅಡೆನೋಸಿನ್. ಮೊಣಕೈ ರಕ್ತನಾಳಕ್ಕೆ 6 ಮಿಗ್ರಾಂ, ಬೆನ್ನಿಗೇ 20 ಎಂಎಲ್ ಸಲೈನ್. ಸೆಕೆಂಡುಗಳಲ್ಲಿ ಕರಗುವ ಔಷಧಿ, ನಿಧಾನಕ್ಕೆ ತಳ್ಳಿದರೆ ಸುಮ್ನೆ ವ್ಯರ್ಥ. ಆದರೆ ಇವರಿಗೆ ಆಸ್ತಮಾ, ಉಬ್ಬಸ ಕೇಳಿಸುತ್ತಿತ್ತು. ಅಡೆನೋಸಿನ್ ಅದನ್ನು ಜಾಸ್ತಿ ಮಾಡಬಹುದು. ಹಾಗಾಗಿ ವೆರಾಪಮಿಲ್ 5 ಮಿಗ್ರಾಂ, ಎರಡು ನಿಮಿಷ ಹಿಡಿದು ನಿಧಾನಕ್ಕೆ. ಬಿಪಿ ಕಡಿಮೆ ಇದ್ದರೆ, ಹೃದಯ ಸೋತಿದ್ದರೆ, ಕ್ಯೂಆರ್‌ಎಸ್ ಅಗಲವಿದ್ದರೆ ಇದನ್ನು ಮುಟ್ಟಲೇಬೇಡಿ. ಸ್ವಲ್ಪ ಹೊತ್ತಿಗೆ ಮಾನಿಟರ್‌ನಲ್ಲಿ 88.