ಗಾಜಿನ ಬಾಗಿಲಿನ ಚಿಲ್ಲರ್: ಸೊಪ್ಪಿಗೆ ಸರಿ, ಬಾಳೆಗೆ ಬೇಡ (5ಕ್ಕೆ 3)

ವಿಜಯನಗರದಲ್ಲಿ ನಮ್ಮದು ಸಣ್ಣ ಹಣ್ಣು-ತರಕಾರಿ ಅಂಗಡಿ. ಈ ಚಿಲ್ಲರ್ ತಂದ ಮೇಲೆ ಎರಡು ಬೇಸಿಗೆ ಕಳೆದಿವೆ. ಕೊತ್ತಂಬರಿ, ಪಾಲಕ್, ಕ್ಯಾರೆಟ್, ಎಲೆಕೋಸಿಗೆ ಇದು ಬಹಳ ಚೆನ್ನಾಗಿದೆ. ಆದರೆ "ಹಣ್ಣು, ತರಕಾರಿ ಯಾವುದನ್ನಾದರೂ ಇಡಿ ಸಾರ್" ಎಂದು ಮಾರಿದವರ ಮಾತನ್ನು ನಂಬಬೇಡಿ. ಇದು 2ರಿಂದ 8 ಡಿಗ್ರಿ ಒಳಗೇ ಓಡುತ್ತದೆ. ಬಾಳೆ 13 ಡಿಗ್ರಿಗಿಂತ ಕೆಳಗಿನ ಚಳಿಯನ್ನು ತಡೆಯುವುದಿಲ್ಲ. ನಾಬ್ ಎಷ್ಟು ತಿರುಗಿಸಿದರೂ ಅಷ್ಟೇ.

ಮೋಸ ಏನೆಂದರೆ, ಒಳಗಿರುವಾಗ ಕಾಯಿ ಹಸಿರಾಗಿ, ಗಟ್ಟಿಯಾಗಿ ಚೆನ್ನಾಗಿಯೇ ಕಾಣುತ್ತದೆ. ಕೆಟ್ಟಿದ್ದು ಗೊತ್ತಾಗುವುದು ಹೊರಗೆ ತೆಗೆದು ಹಣ್ಣಾಗಲು ಬಿಟ್ಟ ಮೇಲೆ. ಒಂದೇ ಲೋಡಿನ ಪಚ್ಚಬಾಳೆಯಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ಇಟ್ಟು ನೋಡಿದೆ. ಹೊರಗಿದ್ದವು ಚೆಂದದ ಹಳದಿಗೆ ಬಂದವು. ಒಳಗಿದ್ದವು ಬೂದಿ ಬಳಿದ ಹಾಗೆ ಮಂಕಾದವು. ಕೆಲವು ಸರಿಯಾಗಿ ಹಣ್ಣೇ ಆಗಲಿಲ್ಲ. ಸ್ವಲ್ಪ ಮಂಕಾದ ಹಣ್ಣನ್ನು ತಿನ್ನಬಹುದು, ಆದರೆ ಗಿರಾಕಿ ಕೈ ಹಾಕಲ್ಲ, ಅಲ್ವಾ?

ಕಾಯಿ ಇರುವಾಗಲೇ ಕಂಡುಹಿಡಿಯಲು ಒಂದು ದಾರಿ ಇದೆ. ಚಾಕುವಿನಿಂದ ಸಿಪ್ಪೆಯ ಮೇಲ್ಪದರವನ್ನು ಉದ್ದಕ್ಕೆ ತೆಳುವಾಗಿ ಕೆರೆಯಿರಿ. ಕೆಳಗೆ ಕಂದು ಗೆರೆಗಳಿದ್ದರೆ ಚಳಿ ಹೊಡೆದಿದೆ ಎಂದೇ ಅರ್ಥ. ಚಳಿಗೆ ಜೀವಕೋಶದ ಪೊರೆ ಹಾಳಾಗಿ ಒಳಗಿನ ರಸ ಸೋರುತ್ತದೆ. ಬೇರೆ ಬೇರೆ ಇರಬೇಕಾದದ್ದು ಬೆರೆತು ಕಂದಾಗುತ್ತದೆ. ಆಮೇಲೆ ಬೆಚ್ಚಗಿಟ್ಟರೂ ಆ ಬಣ್ಣ ಹೋಗುವುದಿಲ್ಲ. ಬಾಳೆ ಮಂಡಿಯಿಂದ ಬಂದ ಕಾಯಿಯನ್ನು ಇಳಿಸಿಕೊಳ್ಳುವಾಗಲೂ ಈಗ ಒಂದನ್ನು ಕೆರೆದೇ ನೋಡುತ್ತೇನೆ. ತಪ್ಪು ಅಲ್ಲಿಯದೋ ನಮ್ಮ ಪೆಟ್ಟಿಗೆಯದೋ ಅಲ್ಲೇ ತೀರ್ಮಾನವಾಗುತ್ತದೆ.

ಟೊಮೇಟೊ ಕಥೆ ಸ್ವಲ್ಪ ಬೇರೆ. ಪೂರ್ತಿ ಕೆಂಪಾದದ್ದು ಒಂದೆರಡು ದಿನ ಚಿಲ್ಲರಿನಲ್ಲಿದ್ದರೆ ನಡೆಯುತ್ತದೆ, ರುಚಿ ಮಾತ್ರ ಸ್ವಲ್ಪ ಸಪ್ಪೆ. ಹಸಿರು ಕಾಯಿಗೆ ಹತ್ತು ಡಿಗ್ರಿಗಿಂತ ಕೆಳಗಿನ ಚಳಿಯೇ ಜಾಸ್ತಿ. ವಾರಗಟ್ಟಲೆ ಇಟ್ಟರೆ ಅಲ್ಲಲ್ಲಿ ಮಾತ್ರ ಕೆಂಪಾಗಿ, ಗುಳಿ ಬಿದ್ದು, ಆ ಗುಳಿಗಳಲ್ಲೇ ಕಪ್ಪು ಬೂಷ್ಟು ಹಿಡಿಯುತ್ತದೆ.

ಆಲೂಗಡ್ಡೆ ಮೇಲೆ ಏನೂ ಕಾಣುವುದಿಲ್ಲ. ನಮ್ಮಲ್ಲಿ ಆಲೂ ಒಯ್ಯುವ ಚಿಪ್ಸ್ ಅಂಗಡಿಯವರು "ಎಣ್ಣೆಗೆ ಬಿಟ್ಟ ಕೂಡಲೇ ಕಂದಾಗುತ್ತೆ, ಕಹಿ" ಎಂದು ವಾಪಸ್ ತಂದರು. ಚಳಿಯಲ್ಲಿ ಆಲೂಗಡ್ಡೆಯ ಪಿಷ್ಟ ಸಕ್ಕರೆಯಾಗುತ್ತದೆ, ಕರಿಯುವಾಗ ಆ ಸಕ್ಕರೆಯಿಂದಲೇ ಬಣ್ಣ ಕೆಡುತ್ತದೆ. ಇಲ್ಲಿ ಒಂದು ಸಮಾಧಾನ ಇದೆ. 15ರಿಂದ 20 ಡಿಗ್ರಿಯಲ್ಲಿ, ಬೆಳಕು ಬೀಳದ ಕಡೆ ಎರಡು ಮೂರು ವಾರ ಇಟ್ಟರೆ ಸಕ್ಕರೆ ಬಹುಪಾಲು ಇಳಿಯುತ್ತದೆ. ಬೆಂಗಳೂರಿನ ಡಿಸೆಂಬರಿನಲ್ಲಿ ಅದಕ್ಕೆ ಮೆಷಿನ್ ಬೇಡ, ಹಿಂದಿನ ಕೋಣೆ ಸಾಕು. ನಾಲ್ಕು ಹೋಳು ಕರಿದು ನೋಡಿ, ಬಣ್ಣ ಸರಿ ಬಂದ ಮೇಲೆ ಕಳಿಸಿದೆ.

ಬಾಳೆ ಇಡಲು ಕೊಳ್ಳುವವರು 13-14 ಡಿಗ್ರಿಗೆ ನಿಲ್ಲುವ ಮಾಡೆಲ್ ಕೇಳಿ. ಡಿಸ್‌ಪ್ಲೇ ಅಂಕಿ ನೋಡಿ ಸುಮ್ನಾಗಬೇಡಿ, ಫ್ಯಾನ್ ಎದುರಿಗೆ ಒಂದು ಥರ್ಮಾಮೀಟರ್ ಇಟ್ಟು ನೋಡಿ. ನಮ್ಮದರಲ್ಲಿ ಅಲ್ಲಿ ಇನ್ನೂ ತಣ್ಣಗಿರುತ್ತದೆ. ಬಾಗಿಲಿನ ರಬ್ಬರ್ ಒಮ್ಮೆ ಬದಲಾಯಿಸಿದ್ದು ಬಿಟ್ಟರೆ ರಿಪೇರಿ ಬಂದಿಲ್ಲ.